ಸಿಪ್ಪೆಯೂ ಸೇರಿ

1

ಅಪ್ಪನಿಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಯಲ್ಲಿ ಕೊಟ್ಟ ಆಹಾರದ ಚೀಟಿಯಲ್ಲಿ ಸಂಜೆ ನಾಲ್ಕು ಗಂಟೆಯ ಎದುರು ಒಂದು ಸಾಲು: ‘ಹಣ್ಣು, 100 ಗ್ರಾಂ.’

ಅಪ್ಪ ಅಡುಗೆಮನೆಯ ತೂಕದ ಯಂತ್ರದ ಮೇಲೆ ಬಾಳೆಹಣ್ಣು ಇಟ್ಟರು. 154 ತೋರಿಸಿತು. ಚಾಕುವಿನಿಂದ ಅಡ್ಡಡ್ಡ ಕೊಯ್ದು 100ಕ್ಕೆ ತಂದರು. ಆಮೇಲೆ ಸಿಪ್ಪೆ ಸುಲಿದು ತಿಂದರು.

2

ಮರುದಿನ ಅಮ್ಮ ಅದೇ ಕೆಲಸ ಮಾಡಿದರು. ಮೊದಲು ಸುಲಿದರು, ಆಮೇಲೆ ತೂಗಿದರು. ಹಣ್ಣು ಕೊಯ್ಯುವ ಅಗತ್ಯವೇ ಬೀಳಲಿಲ್ಲ.

ಚೀಟಿ ಒಂದೇ, ಹಣ್ಣು ಒಂದೇ ಚಿಪ್ಪಿನದು. ಅಪ್ಪನ ಬಾಯಿಗೆ ಮೊದಲ ದಿನ ಹೋದದ್ದು 60 ಗ್ರಾಂ ಚಿಲ್ಲರೆ, ಎರಡನೇ ದಿನ 100ರ ಹತ್ತಿರ. ಬಾಳೆಹಣ್ಣಿನ 100 ಗ್ರಾಂ ತಿರುಳಿನಲ್ಲಿ ಪಿಷ್ಟ, ಸಕ್ಕರೆ ಎಲ್ಲ ಸೇರಿ ಸುಮಾರು 23 ಗ್ರಾಂ ಇರುತ್ತದೆ. ಮೊದಲ ದಿನ ಅಪ್ಪನಿಗೆ ಸಿಕ್ಕಿದ್ದು 14 ಗ್ರಾಂ. ಇಬ್ಬರೂ ಚೀಟಿಯ ಪ್ರಕಾರವೇ ನಡೆದಿದ್ದರು.

ಈ ಪುಸ್ತಕ ಶುರುವಾದದ್ದು ಅಲ್ಲಿಂದ.

3

ತೂಕದ ಯಂತ್ರ ಐದು ಕೆಜಿಯವರೆಗಿನದು. ಒಂದೊಂದು ಗ್ರಾಂ ತೋರಿಸುತ್ತದೆ. ಅದರ ಮೇಲೆ ತಟ್ಟೆ ಇಟ್ಟು ಗುಂಡಿ ಒತ್ತಿದರೆ ತಟ್ಟೆಯ ತೂಕ ಸೊನ್ನೆಯಾಗುತ್ತದೆ.

ಸಿಪ್ಪೆಗೆ ಅಂಥ ಗುಂಡಿ ಇಲ್ಲ.

4

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಆಹಾರ ಕೋಷ್ಟಕಗಳಲ್ಲಿ ಎಲ್ಲ ಅಂಕಿಗಳೂ ‘ತಿನ್ನಬಹುದಾದ ಭಾಗ’ದ 100 ಗ್ರಾಂಗೆ. ಗೋಪಾಲನ್ ಮತ್ತು ಜೊತೆಗಾರರ 1971ರ ಹಳೆಯ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಕಲಂ ಇದೆ: ಕೊಂಡದ್ದರಲ್ಲಿ ನೂರಕ್ಕೆ ಎಷ್ಟು ತಿನ್ನಲು ಬರುತ್ತದೆ ಎಂದು. ಪುಟ ತಿರುವುವವರ ಕಣ್ಣು ಅದನ್ನು ದಾಟಿ ನೇರ ಸುಣ್ಣ, ಕಬ್ಬಿಣದ ಕಡೆ ಹೋಗುತ್ತದೆ.

ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಇದನ್ನೇ ತಿರುಗಿಸಿ ಹೇಳುತ್ತದೆ. ಅಲ್ಲಿರುವುದು ಎಸೆಯುವುದರ ಲೆಕ್ಕ. ಬಾಳೆಹಣ್ಣು: 36, ಸಿಪ್ಪೆ. ಕಲ್ಲಂಗಡಿ: 48, ಸಿಪ್ಪೆ, ಬೀಜ ಮತ್ತು ಕತ್ತರಿಸುವಾಗಿನ ನಷ್ಟ.

‘ಕತ್ತರಿಸುವಾಗಿನ ನಷ್ಟ.’ ಇದರ ಕೆಳಗೆ ಗೆರೆ ಎಳೆದಿದ್ದೇನೆ. ಅದು ಹಣ್ಣಿನ ಗುಣವೋ ಚಾಕು ಹಿಡಿದವರ ಗುಣವೋ ಗೊತ್ತಾಗಲಿಲ್ಲ.

5

ಭಾನುವಾರ. ರಸ್ತೆ ತಿರುವಿನ ಗಾಡಿಯಿಂದ ಒಂದು ಕಲ್ಲಂಗಡಿ. ಗಾಡಿಯವನ ತಕ್ಕಡಿಯಲ್ಲಿ 6.240 ಕೆಜಿ. ಕೆಜಿಗೆ 25 ರೂಪಾಯಿ, 156 ಆಯಿತು. 155 ಕೊಡಿ ಸಾರ್ ಎಂದ. ಆ ಒಂದು ರೂಪಾಯಿ ಸಿಪ್ಪೆಯ ಲೆಕ್ಕದಲ್ಲಿ ಹೋಯಿತೋ ತಿರುಳಿನ ಲೆಕ್ಕದಲ್ಲೋ.

ಮನೆಯ ಯಂತ್ರಕ್ಕೆ ಇಡೀ ಹಣ್ಣು ಹೆಚ್ಚಾಯಿತು. ಎರಡು ಹೋಳು ಮಾಡಿ ತೂಗಬೇಕಾಯಿತು. ತೂಗಲು ಕೊಯ್ಯಬೇಕು, ಕೊಯ್ದರೆ ರಸ ಸೋರುತ್ತದೆ.

6

ಅದೇ ಹಣ್ಣು, ಬಿಡಿಸಿದ ಮೇಲೆ:

ಕೆಂಪು ತಿರುಳು 3.770 ಕೆಜಿ. ಹಸಿರು ಸಿಪ್ಪೆ ಮತ್ತು ಬಿಳಿ ಭಾಗ 2.310. ಬೀಜ 70 ಗ್ರಾಂ. ಒಟ್ಟು ಕೂಡಿಸಿದರೆ 6.150. ಉಳಿದ 90 ಗ್ರಾಂ ಎಲ್ಲೂ ಇಲ್ಲ.

ಮಣೆಯ ಮೇಲೆ ರಸ, ಒರೆಸಿದ ಬಟ್ಟೆ, ಚಾಕು. ಕತ್ತರಿಸುತ್ತಾ ನಾನು ತಿಂದ ಎರಡು ಹೋಳು. ಅವನ್ನು ತಿಂದದ್ದು ನಿಜ, ಆದರೂ ಪುಸ್ತಕದಲ್ಲಿ ಅವು ನಷ್ಟದ ಪಟ್ಟಿಗೆ ಸೇರಿವೆ.

ತಿರುಳು ನೂರಕ್ಕೆ 60.

7

ಮರುವಾರ ತಂಗಿ ಬಂದಿದ್ದಳು, ಎರಡು ಮಕ್ಕಳೊಂದಿಗೆ. ಅದೇ ಗಾಡಿ, ಅದೇ ಜಾತಿ, 6.1 ಕೆಜಿ. ಈ ಸಲ ಕತ್ತರಿಸಿದವಳು ಅವಳು. ಮಕ್ಕಳು ತಿಳಿಗುಲಾಬಿ ಬಣ್ಣದ ಅಂಚು ಮುಟ್ಟುವುದಿಲ್ಲ. ಅವಳು ಅದನ್ನೂ ಬಿಳಿಯ ಜೊತೆ ತೆಗೆದುಬಿಟ್ಟಳು.

ತಿರುಳು 3.160 ಕೆಜಿ. ನೂರಕ್ಕೆ 52.

ಎಸೆದದ್ದು 48. ಅಮೆರಿಕದ ಪಟ್ಟಿಯ ಅಂಕಿ. ತಂಗಿ ಆ ಪಟ್ಟಿ ನೋಡಿದವಳಲ್ಲ.

8

ಎರಡು ಹಣ್ಣಿನ ಸಿಪ್ಪೆಯನ್ನೂ ಮಗನ ಸ್ಕೇಲಿನಿಂದ ಅಳೆದೆ. ನಾನು ತೆಗೆದದ್ದು 1.8 ಸೆಂ.ಮೀ. ದಪ್ಪ. ತಂಗಿ ತೆಗೆದದ್ದು 2.3. ಅರ್ಧ ಸೆಂಟಿಮೀಟರಿಗೆ ಅರ್ಧ ಕೆಜಿ ಹಣ್ಣು ಹೋಗಿದೆ.

ಮೊದಲು ನಂಬಿಕೆ ಬರಲಿಲ್ಲ. ಹಣ್ಣನ್ನು ಚೆಂಡು ಎಂದುಕೊಂಡು ಲೆಕ್ಕ ಹಾಕಿದೆ. ಅಡ್ಡಳತೆ 23 ಸೆಂ.ಮೀ. ಚಿಲ್ಲರೆ, ನಡುವಿನಿಂದ ಹೊರಗಿನವರೆಗೆ 11.6. ಅದರಲ್ಲಿ 1.8 ಕಳೆದರೆ ಒಳಗಿನ ಕೆಂಪು ಚೆಂಡಿಗೆ 9.8. ಚೆಂಡಿನ ಗಾತ್ರ ಆ ಅಳತೆಯ ಘನದಂತೆ ಏರುತ್ತದೆ, ಅಂದರೆ ಅಳತೆಯನ್ನು ಅದರಿಂದಲೇ ಎರಡು ಸಲ ಗುಣಿಸಬೇಕು. 9.8ನ್ನು 11.6ರಿಂದ ಭಾಗಿಸಿದರೆ 0.845. ಅದರ ಘನ 0.60.

ತಕ್ಕಡಿಯೂ 60 ಎಂದಿತ್ತು.

ತಂಗಿಯ ಚಾಕುವಿಗೆ: 9.3 ಭಾಗಿಸು 11.6, ಅದರ ಘನ, 0.515. ತಕ್ಕಡಿ 52 ಎಂದಿತ್ತು.

9

ಹೊರಗಿನ ಹತ್ತನೇ ಒಂದು ದಪ್ಪದಲ್ಲಿ ಚೆಂಡಿನ ನೂರಕ್ಕೆ 27 ಭಾಗ ಕುಳಿತಿರುತ್ತದೆ. ಕೊಯ್ದ ಹೋಳನ್ನು ಬದಿಯಿಂದ ನೋಡಿದರೆ ಕೆಂಪೇ ಕಾಣುತ್ತದೆ. ಬಿಳಿ ಒಂದು ಗೆರೆ, ಹಸಿರು ಇನ್ನೊಂದು ಗೆರೆ. ಕಣ್ಣು ಗೆರೆಯನ್ನು ಗೆರೆ ಎಂದೇ ಲೆಕ್ಕ ಹಾಕುತ್ತದೆ.

10

ಈ ಲೆಕ್ಕ ಸರಿಯಿದ್ದರೆ ದೊಡ್ಡ ಹಣ್ಣು ಕೊಳ್ಳುವವರಿಗೆ ಲಾಭ. ಸಿಪ್ಪೆಯ ದಪ್ಪ ಒಂದೇ ಆಗಿದ್ದಾಗ ಚೆಂಡು ದೊಡ್ಡದಾದಷ್ಟೂ ತಿರುಳಿನ ಪಾಲು ಹೆಚ್ಚು.

ಪರೀಕ್ಷೆಗೆಂದು ಕಡುಹಸಿರು ಬಣ್ಣದ ಸಣ್ಣ ಹಣ್ಣು ತಂದೆ. ಗಾಡಿಯವನು ಅದಕ್ಕೆ ಕಿರಣ್ ಎನ್ನುತ್ತಾನೆ. 2.080 ಕೆಜಿ. ತಿರುಳು 1.390. ನೂರಕ್ಕೆ 67.

ಸಣ್ಣದೇ ಗೆದ್ದಿತು. ಒಂದು ಸಂಜೆಯೆಲ್ಲ ಇದು ಅರ್ಥವಾಗಲಿಲ್ಲ. ಆಮೇಲೆ ಸ್ಕೇಲ್ ಇಟ್ಟು ನೋಡಿದೆ. ಸಿಪ್ಪೆ ಬಿಳಿಯೂ ಸೇರಿ ಒಂದೇ ಸೆಂಟಿಮೀಟರ್. 7 ಭಾಗಿಸು 8, ಅದರ ಘನ, 0.67.

ದೊಡ್ಡದು ಲಾಭ ಎಂಬ ಮಾತು ಒಂದೇ ಜಾತಿಯೊಳಗೆ ಮಾತ್ರ ಸಲ್ಲುತ್ತದೆ. ಗಾಡಿಯ ಮುಂದೆ ನಿಂತವರಿಗೆ ಸಿಪ್ಪೆಯ ದಪ್ಪ ಕಾಣುವುದಿಲ್ಲ. ಹಾಗಾಗಿ ಗಾಡಿಯವನು ಒಂದನ್ನು ಕೊಯ್ದು ಮುಂದೆ ಇಟ್ಟಿರುತ್ತಾನೆ. ಜನ ಅದರ ಬಣ್ಣ ನೋಡುತ್ತಾರೆ. ಅಂಚು ನೋಡಿದವರನ್ನು ನಾನು ಇನ್ನೂ ಕಂಡಿಲ್ಲ.

11

ಸಂಜೆ ಅದೇ ಗಾಡಿಯ ಬಳಿ ಒಬ್ಬರು ಸೈಕಲ್ಲಿನಲ್ಲಿ ಬರುತ್ತಾರೆ. ತಟ್ಟೆಯಲ್ಲಿ ತಿಂದು ಬಿಟ್ಟ ಸಿಪ್ಪೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ. ಮನೆಯಲ್ಲಿ ಎರಡು ಹಸು.

ಹಸುವಿನ ಲೆಕ್ಕದಲ್ಲಿ ಕಲ್ಲಂಗಡಿ ನೂರಕ್ಕೆ ನೂರು.

12

ಕರಾವಳಿಯಲ್ಲಿ ಕಲ್ಲಂಗಡಿಗೆ ಬಚ್ಚಂಗಾಯಿ ಎನ್ನುತ್ತಾರೆ. ಅಲ್ಲಿ ಸಿಪ್ಪೆಯ ಬಿಳಿ ಭಾಗವನ್ನು ನೆನೆಸಿದ ಅಕ್ಕಿಯ ಜೊತೆ ರುಬ್ಬಿ ದೋಸೆ ಹುಯ್ಯುತ್ತಾರೆ. ಪಕ್ಕದ ಮನೆಯ ಮಂಗಳೂರಿನವರು ನನ್ನ 2.310 ಕೆಜಿ ಸಿಪ್ಪೆಯನ್ನು ಕೇಳಿ ತೆಗೆದುಕೊಂಡರು. ತೂಕ ಬೇಕು ಎಂದು ಹೇಳಿ ಕಳಿಸಿದ್ದೆ. ಹೊರಗಿನ ಹಸಿರು ಹೆರೆದದ್ದು 620 ಗ್ರಾಂ, ಉಳಿದ ಬಿಳಿ 1.690 ಎಂದು ಅವರ ಮಗಳು ಚೀಟಿಯಲ್ಲಿ ಬರೆದು ಕೊಟ್ಟಳು. ಜೊತೆಗೆ ನಾಲ್ಕು ದೋಸೆ.

ಅದನ್ನೂ ಸೇರಿಸಿದರೆ ನನ್ನ ಹಣ್ಣಿನ ತಿನ್ನಬಹುದಾದ ಭಾಗ 60ರಿಂದ 87.5ಕ್ಕೆ ಏರುತ್ತದೆ. ಹಣ್ಣು ಬದಲಾಗಿಲ್ಲ. ಗೋಡೆ ದಾಟಿ ಆ ಕಡೆ ಹೋಗಿದೆ ಅಷ್ಟೆ.

13

ಅಮ್ಮನ ತವರಿನಲ್ಲಿ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡುತ್ತಾರೆ. ಒಂದು ತುಂಡು ಸಿಪ್ಪೆ, ಜೀರಿಗೆ, ಕಾಯಿತುರಿ, ಮಜ್ಜಿಗೆ. ಹೊಟ್ಟೆ ಕೆಟ್ಟಾಗ. ಅಂದರೆ ದಾಳಿಂಬೆಯ ತಿನ್ನಬಹುದಾದ ಭಾಗ ಹೊಟ್ಟೆ ಕೆಟ್ಟ ದಿನ ಒಂದು, ಉಳಿದ ದಿನ ಇನ್ನೊಂದು.

14

ದಾಳಿಂಬೆ, ಒಂದು, 262 ಗ್ರಾಂ. ಬಿಡಿಸಲು 6 ನಿಮಿಷ 40 ಸೆಕೆಂಡ್.

ಕಾಳು 151. ಸಿಪ್ಪೆ 84. ಕಾಳುಗಳ ನಡುವಿನ ಹಳದಿ ಪೊರೆ ಮತ್ತು ತುದಿಯ ಕಿರೀಟ 22. ಕೊಳೆತ ನಾಲ್ಕು ಕಾಳು, ಅಂಗಿಯ ಮೇಲೆ ಹಾರಿದ ರಸ, ಎಲ್ಲ ಸೇರಿ 5.

ನೂರಕ್ಕೆ 58.

15

ಆದರೆ ಅಪ್ಪ ದಾಳಿಂಬೆಯ ಬೀಜ ಅಗಿಯುವುದಿಲ್ಲ. ರಸ ಹೀರಿ ಉಗಿಯುತ್ತಾರೆ. ಅವರಿಗಾಗಿ 151 ಗ್ರಾಂ ಕಾಳನ್ನು ಬಟ್ಟೆಯಲ್ಲಿ ಹಿಂಡಿದೆ. ರಸ 104, ಚರಟ 47.

ನನಗೆ 58, ಅಪ್ಪನಿಗೆ 40. ಒಂದೇ ಮನೆ, ಒಂದೇ ಹಣ್ಣು.

16

ಸಸ್ಯಶಾಸ್ತ್ರದವರು ಹೇಳುವುದು: ದಾಳಿಂಬೆಯ ಕಾಳಿನಲ್ಲಿ ನಾವು ಸವಿಯುವ ಕೆಂಪು ರಸದ ಪದರ ಹಣ್ಣಿನ ತಿರುಳೇ ಅಲ್ಲ. ಅದು ಬೀಜದ ಹೊರಸಿಪ್ಪೆ.

ಹಾಗಾದರೆ ನಾವು ಸಿಪ್ಪೆ ಎಸೆದು ಸಿಪ್ಪೆ ತಿನ್ನುತ್ತೇವೆ.

17

ಅದೇ ದಿನ ಕೊಂಡ ಇನ್ನೊಂದು ದಾಳಿಂಬೆ, 258 ಗ್ರಾಂ, ಬುಟ್ಟಿಯಲ್ಲಿ ಉಳಿದುಹೋಗಿತ್ತು. 12 ದಿನವಾದ ಮೇಲೆ ಸಿಪ್ಪೆ ಒಣಗಿ ಗಟ್ಟಿಯಾಗಿತ್ತು, ಮೈ ಅಲ್ಲಲ್ಲಿ ಒಳಗೆ ಎಳೆದುಕೊಂಡಿತ್ತು. ತೂಗಿದರೆ 231. ಕಾಳು 147.

147ನ್ನು 231ರಿಂದ ಭಾಗಿಸಿದರೆ ನೂರಕ್ಕೆ 64. ಮೊದಲನೆಯದು 58. ಹಳೆಯ ಹಣ್ಣೇ ಮೇಲು ಎಂದು ಬರೆದು, ಆಮೇಲೆ ಹೊಡೆದುಹಾಕಿದೆ. ದುಡ್ಡು ಕೊಟ್ಟದ್ದು 258ಕ್ಕೆ. 147ನ್ನು 258ರಿಂದ ಭಾಗಿಸಿದರೆ 57. ಕಾಳು ಹೆಚ್ಚಾಗಿಲ್ಲ. ಸಿಪ್ಪೆಯ ನೀರು ಗಾಳಿಗೆ ಹೋಗಿದೆ, ಕೆಳಗಿನ ಅಂಕಿ ಸಣ್ಣದಾಗಿದೆ.

ಇಂದಿನಿಂದ ಪುಸ್ತಕದಲ್ಲಿ ಎರಡು ಕಲಂ: ಕೊಂಡ ದಿನದ ತೂಕ, ಸುಲಿದ ದಿನದ ತೂಕ.

18

ಬಾಳೆಹಣ್ಣಿನಲ್ಲೂ ಇದೇ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಪಚ್ಚಬಾಳೆಯ ಒಂದು ಚಿಪ್ಪು ತಂದೆ. ಒಂದೇ ಹಣ್ಣನ್ನು ಎರಡು ಸಲ ಸುಲಿಯಲು ಬರುವುದಿಲ್ಲ. ಅದಕ್ಕೇ ಅಕ್ಕಪಕ್ಕ ಬೆಳೆದ ಆರು ಹಣ್ಣು ಆರಿಸಿ, ಎರಡೆರಡರ ಮೂರು ಜೋಡಿ ಮಾಡಿ, ಪ್ರತಿ ಜೋಡಿಯನ್ನೂ ತಂದ ದಿನವೇ ತೂಗಿ, ಸಿಪ್ಪೆಯ ಮೇಲೆ ಪೆನ್ನಿನಿಂದ ಅಂಕಿ ಬರೆದಿಟ್ಟೆ. ಮನೆಯವರಿಗೆಲ್ಲ ಮುಟ್ಟಬೇಡಿ ಎಂದು ಹೇಳಿದ್ದೆ. ಬಾಳೆಹಣ್ಣಿನ ಮೇಲೆ ಪೆನ್ನು ಬಹಳ ಚೆನ್ನಾಗಿ ಓಡುತ್ತದೆ.

ಮೊದಲ ಜೋಡಿ, ತಂದ ದಿನ. ತೊಟ್ಟು ಹಸಿರು, ಮೈ ಹಳದಿಗೆ ತಿರುಗುತ್ತಿದೆ. ತೂಕ 312. ತಿರುಳು 187. ನೂರಕ್ಕೆ 60. ಸಿಪ್ಪೆ ದಪ್ಪ, ತಿರುಳಿಗೆ ಅಂಟಿಕೊಂಡು ಬರುತ್ತದೆ.

ಎರಡನೇ ಜೋಡಿ, ನಾಲ್ಕನೇ ದಿನ. ಹಳದಿ, ಕಂದು ಚುಕ್ಕೆ. ತಂದ ದಿನ 308, ಈಗ 294. ತಿರುಳು 194. ಕೊಂಡ ತೂಕಕ್ಕೆ 63, ಸುಲಿದ ದಿನದ ತೂಕಕ್ಕೆ 66.

ಮೂರನೇ ಜೋಡಿ, ಏಳನೇ ದಿನ. ಸಿಪ್ಪೆ ಅರ್ಧ ಕಪ್ಪು, ಕಾಗದದಷ್ಟು ತೆಳು. ತಂದ ದಿನ 310, ಈಗ 278. ತಿರುಳು 197. ಕೊಂಡ ತೂಕಕ್ಕೆ 63ರ ಮೇಲೆ ಸ್ವಲ್ಪ, ಸುಲಿದ ದಿನದ ತೂಕಕ್ಕೆ 71.

19

ಹಣ್ಣು ಒಟ್ಟಿನಲ್ಲಿ ಇಳಿದಿದೆ. ಒಳಗಿನ ತಿರುಳು ಏರಿದೆ.

ಮೂರು ಸಲ ಕೂಡಿಸಿ ಕಳೆದು ನೋಡಿದೆ. ತಪ್ಪು ಸಿಗಲಿಲ್ಲ. ಜೋಡಿಗಳ ನಡುವಿನ ಸಹಜ ವ್ಯತ್ಯಾಸವಿರಬಹುದು ಎಂದು ಇನ್ನೊಂದು ಚಿಪ್ಪು ತಂದು ಮತ್ತೆ ಮಾಡಿದೆ. ಅಂಕಿಗಳು ಒಂದೆರಡು ಗ್ರಾಂ ಆಚೀಚೆ, ದಿಕ್ಕು ಅದೇ.

ತೋಟಗಾರಿಕೆ ಓದಿದ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ. “ಅದು ಗೊತ್ತಿರೋದೇ ಕಣೋ. ಮಾಗೋವಾಗ ತಿರುಳಿನ ಪಿಷ್ಟ ಸಕ್ಕರೆ ಆಗುತ್ತೆ. ಸಕ್ಕರೆ ಸಿಪ್ಪೆಗಿಂತ ತಿರುಳಲ್ಲಿ ಬೇಗ ಏರುತ್ತೆ. ಸಕ್ಕರೆ ಜಾಸ್ತಿ ಇರೋ ಕಡೆ ನೀರು ಹೋಗುತ್ತೆ. ಸಿಪ್ಪೆ ಒಂದು ಕಡೆ ಗಾಳಿಗೆ ನೀರು ಬಿಡುತ್ತೆ, ಇನ್ನೊಂದು ಕಡೆ ತಿರುಳಿಗೆ ಬಿಡುತ್ತೆ. ಎಷ್ಟು ಹಣ್ಣಾಗಿದೆ ಅಂತ ಹೇಳೋಕೆ ನಾವು ಆ ಅನುಪಾತವನ್ನೇ ಅಳೀತೀವಿ.”

ತಿರುಳಿಗೆ ಬಂದದ್ದು ನೀರು ತಾನೇ ಎಂದೆ. ಹೌದು ಎಂದ. ಹಾಗಾದರೆ ತಿನ್ನುವವನಿಗೆ ಲಾಭವೇನು ಎಂದೆ. “ಮೆತ್ತಗಾಗುತ್ತೆ” ಎಂದ.

20

ಏಳನೇ ದಿನದ 197 ಗ್ರಾಂನಲ್ಲಿ 20 ಗ್ರಾಂ ಜಜ್ಜಿ ಕಂದಾಗಿತ್ತು. ನಾನು ಅದನ್ನು ತಿಂದೆ, ಅಳತೆಗಾಗಿ. ಅಮ್ಮನಾಗಿದ್ದರೆ ಕೊಯ್ದು ಎಸೆಯುತ್ತಿದ್ದರು. ಆಗ 177. ಆಗ ತಂದ ದಿನದ ಹಣ್ಣೇ ಮೇಲು.

ತಿರುಳು ಹೆಚ್ಚುವ ಗೆರೆ ಮತ್ತು ಕೊಳೆಯುವ ಗೆರೆ ಎಲ್ಲೋ ಒಂದು ಕಡೆ ದಾಟುತ್ತವೆ. ನಮ್ಮ ಮನೆಯಲ್ಲಿ, ಮಾರ್ಚಿ ತಿಂಗಳಲ್ಲಿ, ಪಚ್ಚಬಾಳೆಗೆ ಅದು ಐದನೇ ದಿನದ ಆಸುಪಾಸು.

21

ಏಲಕ್ಕಿ ಬಾಳೆ, ಆರು ಹಣ್ಣು, 402 ಗ್ರಾಂ. ಸಿಪ್ಪೆ 84. ತಿರುಳು ನೂರಕ್ಕೆ 79.

ಅಂಗಡಿಯಲ್ಲಿ ಏಲಕ್ಕಿ ಕೆಜಿಗೆ 80, ಪಚ್ಚಬಾಳೆ 40. ಎರಡು ಪಟ್ಟು. ತಿರುಳಿನ ಲೆಕ್ಕದಲ್ಲಿ ಏಲಕ್ಕಿ ಕೆಜಿಗೆ 101, ಆವತ್ತೇ ಸುಲಿದ ಪಚ್ಚಬಾಳೆ 67. ಒಂದೂವರೆ ಪಟ್ಟು.

ಏಲಕ್ಕಿಯ ಚಿಪ್ಪಿನ ಬುಡದ ತುಂಡು 30 ಗ್ರಾಂ ಇತ್ತು. ಅದು ತಕ್ಕಡಿ ಹತ್ತಿತ್ತು, ನನ್ನ 402ರಲ್ಲಿ ಇಲ್ಲ. ಡಜನ್ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಕಾಲದಲ್ಲಿ ಆ ತುಂಡಿಗೆ ಬೆಲೆ ಇರಲಿಲ್ಲ.

22

ಕೆಜಿಗೆ 180ರ ದಾಳಿಂಬೆಯ ಕಾಳು ಕೆಜಿಗೆ 312 ಬೀಳುತ್ತದೆ. ಬಿಡಿಸಿದ ಕಾಳು ಡಬ್ಬಿಯಲ್ಲಿ 200 ಗ್ರಾಂಗೆ 120, ಅಂದರೆ ಕೆಜಿಗೆ 600. ಒಂದು ಕೆಜಿ ಕಾಳಿಗೆ ನನ್ನ ವೇಗದಲ್ಲಿ ಏಳು ಹಣ್ಣು, ಮುಕ್ಕಾಲು ಗಂಟೆ.

ಡಬ್ಬಿಯ ಮೇಲೆ ಬರೆದದ್ದು ‘ನಿವ್ವಳ ತೂಕ’. ನಿವ್ವಳ ಎಂಬ ಮಾತು ಇಡೀ ಹಣ್ಣಿನ ಮೇಲೆ ಎಲ್ಲೂ ಇಲ್ಲ. ಹಣ್ಣು ತನ್ನ ಡಬ್ಬಿಯನ್ನು ತಾನೇ ಹೊತ್ತು ಬರುತ್ತದೆ, ಡಬ್ಬಿಯೂ ತಕ್ಕಡಿ ಹತ್ತುತ್ತದೆ.

23

ಬಡಾವಣೆಯ ಸಂಘದ ಯುಗಾದಿ ಕೂಟ. ನೂರು ಜನ. ಊಟದ ಮೇಲೆ ತಲೆಗೆ 150 ಗ್ರಾಂ ಕತ್ತರಿಸಿದ ಕಲ್ಲಂಗಡಿ ಎಂದು ಸಮಿತಿ ತೀರ್ಮಾನಿಸಿತು. ಖಜಾಂಚಿ ಬ್ಯಾಂಕಿನಿಂದ ನಿವೃತ್ತರಾದವರು. ಲೆಕ್ಕ ಅವರದು: 15 ಕೆಜಿ ತಿರುಳು ಬೇಕು. ನೂರಕ್ಕೆ 40 ಸಿಪ್ಪೆ ಹೋಗುತ್ತದೆ. 15ಕ್ಕೆ 40 ಭಾಗ ಸೇರಿಸಿದರೆ 6. ಒಟ್ಟು 21 ಕೆಜಿ ತನ್ನಿ.

ತಂದರು. ಕತ್ತರಿಸಿದರು. 84ನೇ ತಟ್ಟೆಗೆ ಮುಗಿಯಿತು.

24

ಅಲ್ಲೇ ಕುರ್ಚಿಯ ಮೇಲೆ ಕುಳಿತು ಲೆಕ್ಕ ತಿರುಗಿಸಿದೆ. 21 ಕೆಜಿಯಲ್ಲಿ ನೂರಕ್ಕೆ 60 ಎಂದರೆ 12.6 ಕೆಜಿ. ಅದನ್ನು 150 ಗ್ರಾಂನಂತೆ ಹಂಚಿದರೆ 84.

ಆ 40 ಕೊಳ್ಳುವ ಹಣ್ಣಿನ 40, ಬೇಕಾದ ತಿರುಳಿನ 40 ಅಲ್ಲ. ಖಜಾಂಚಿಯವರು ತಿರುಳಿನ ಮೇಲೆ ಅದನ್ನು ಸೇರಿಸಿದ್ದರು. ಸೇರಿಸುವ ಬದಲು ಭಾಗಿಸಬೇಕಿತ್ತು: 15 ಭಾಗಿಸು 0.6, ಅಂದರೆ 25 ಕೆಜಿ. 40 ಹೋಗುವುದಾದರೆ ತರುವಾಗ ಸುಮಾರು 67 ಹೆಚ್ಚು ತರಬೇಕು.

ಖಜಾಂಚಿಯವರಿಗೆ ತೋರಿಸಿದೆ. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. “ಬಡ್ಡಿ ಲೆಕ್ಕದಲ್ಲಿ ಇದು ನನಗೆ ಯಾವತ್ತೂ ತಪ್ಪಿಲ್ಲ” ಎಂದರು.

25

ಅಡುಗೆ ಭಟ್ಟರು ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನೀವಾಗಿದ್ದರೆ ಎಷ್ಟು ಕೆಜಿ ಹೇಳುತ್ತಿದ್ದಿರಿ ಎಂದು ಕೇಳಿದೆ.

“ಕೆಜಿ ನಾನು ನೋಡಲ್ಲ ಸ್ವಾಮಿ. ಆರು ಕೆಜಿ ಹಣ್ಣಾದ್ರೆ ಒಂದಕ್ಕೆ ಇಪ್ಪತ್ತೈದು ಎಲೆ. ನೂರು ಎಲೆಗೆ ನಾಲ್ಕು ಹಣ್ಣು, ಮೇಲೊಂದು.”

ನಾಲ್ಕು ಹಣ್ಣು, 24 ಕೆಜಿ. ಮೇಲೊಂದು.

ಆ ಮೇಲೊಂದು ಯಾಕೆ ಎಂದು ಕೇಳಿದೆ. “ಒಳಗೆ ಏನಿದೆ ಅಂತ ಯಾರು ನೋಡಿದ್ದಾರೆ” ಎಂದರು.

26

ಊಟವಾದ ಮೇಲೆ ಹಿಂದುಗಡೆ ಹೋಗಿ ನೋಡಿದೆ. ಕತ್ತರಿಸಿದ ಹುಡುಗರು ಸಿಪ್ಪೆಯನ್ನು ಡ್ರಮ್ಮಿನಲ್ಲಿ ಹಾಕಿದ್ದರು. ಸಿಪ್ಪೆಗಳಲ್ಲಿ ಬೆರಳಗಲದ ಕೆಂಪು ಉಳಿದಿತ್ತು. ಹದಿನಾರು ತಟ್ಟೆಯ ಒಂದು ಪಾಲು ಅಲ್ಲೂ ಇತ್ತು ಎಂದು ಅನಿಸಿತು. ಆದರೆ 84ಕ್ಕೆ ಲೆಕ್ಕ ಮೊದಲೇ ಸರಿಹೋಗಿತ್ತು. ಹಾಗಾದರೆ ಈ ಕೆಂಪು ಯಾರದು? ತಟ್ಟೆಗೆ 150 ಹಾಕಿದವರು ಯಾರೂ ತೂಗಿರಲಿಲ್ಲ.

ಸೈಕಲ್ಲಿನವರು ಆಗಲೇ ಗೋಣಿಚೀಲ ಹಿಡಿದು ನಿಂತಿದ್ದರು.

27

ಅಪ್ಪನ ತಪಾಸಣೆಯ ದಿನ ಆಹಾರ ತಜ್ಞೆಯನ್ನು ಕೇಳಿದೆ: 100 ಗ್ರಾಂ ಎಂದರೆ ಸಿಪ್ಪೆ ಸೇರಿಯೋ ಬಿಟ್ಟೋ?

“ಬಿಟ್ಟು” ಎಂದರು. “ಎಲ್ಲರಿಗೂ ಗೊತ್ತಿರುತ್ತಲ್ಲ.”

ಪಕ್ಕದ ಕುರ್ಚಿಯಲ್ಲಿದ್ದ ಅಜ್ಜಿ ತಮ್ಮ ಚೀಟಿ ತೆಗೆದು ನೋಡಿಕೊಂಡರು. “ನಮ್ಮ ಹುಡುಗ ಸಿಪ್ಪೆ ಸೇರಿಸೇ ತೂಗ್ತಾನಲ್ಲಮ್ಮ” ಎಂದರು.

ತಜ್ಞೆ ಪೆನ್ಸಿಲ್ ತೆಗೆದುಕೊಂಡು ಅಪ್ಪನ ಚೀಟಿಯಲ್ಲಿ ‘ಹಣ್ಣು’ ಎಂಬುದರ ಮೇಲೆ ‘ಸುಲಿದ’ ಎಂದು ಸೇರಿಸಿದರು. ಅಜ್ಜಿಯ ಚೀಟಿಯಲ್ಲೂ ಸೇರಿಸಿದರು. ಮೇಜಿನ ಮೇಲೆ ಅಚ್ಚಾದ ಚೀಟಿಗಳ ಒಂದು ಕಟ್ಟು ಇತ್ತು, ಸುಮಾರು ನಾಲ್ಕು ಬೆರಳು ದಪ್ಪ.

28

ಸೀಬೆಹಣ್ಣು: ಅಪ್ಪ ಸುಲಿಯಬೇಕೇ ಎಂದು ಕೇಳುತ್ತಿದ್ದಾರೆ. ಚೀಟಿಯಲ್ಲಿ ಸುಲಿದ ಎಂದು ಬರೆದಿದೆಯಂತೆ.

29

ಫ್ರಿಜ್ಜಿನಲ್ಲಿ ಅರ್ಧ ಬಾಳೆಹಣ್ಣು, ಸಿಪ್ಪೆಯೊಳಗೆ, ತುದಿ ಕಪ್ಪಾಗಿದೆ. ಸಿಪ್ಪೆಯ ಮೇಲೆ ಅಪ್ಪನ ಅಕ್ಷರದಲ್ಲಿ ಪೆನ್ನಿನಿಂದ 54 ಎಂದಿದೆ.

ಸೇರಿಯೋ ಬಿಟ್ಟೋ ಬರೆದಿಲ್ಲ.